ಜಾಹೀರಾತಿನ ಲೆಕ್ಕಕ್ಕೂ ಅನಲಿಟಿಕ್ಸ್ ಲೆಕ್ಕಕ್ಕೂ ತಾಳೆಯಾಗದಿದ್ದಾಗ

ಪ್ರಶ್ನೆ: ಗೂಗಲ್ ಆಡ್ಸ್‌ನಲ್ಲಿ ಮಾರ್ಚ್‌ಗೆ 50 ಕನ್ವರ್ಷನ್ ಇದೆ, ಅನಲಿಟಿಕ್ಸ್‌ನಲ್ಲಿ 38 ಮಾತ್ರ. ಯಾವುದು ಸರಿ?

ಎರಡೂ ಸರಿ ಇರಬಹುದು. ಒಂದೇ ಖರೀದಿಯನ್ನು ಅವು ಬೇರೆ ಬೇರೆ ದಿನಕ್ಕೆ, ಬೇರೆ ಬೇರೆ ಮೂಲಕ್ಕೆ ಬರೆದುಕೊಳ್ಳುತ್ತವೆ.

ಒಬ್ಬರು ಮಾರ್ಚ್ 28ರಂದು ನಿಮ್ಮ ಜಾಹೀರಾತು ಒತ್ತಿದರು, ಕೊಳ್ಳಲಿಲ್ಲ. ಏಪ್ರಿಲ್ 3ರಂದು ಗೂಗಲ್‌ನಲ್ಲಿ ಹುಡುಕಿ, ಮಾಮೂಲಿ ಫಲಿತಾಂಶದಿಂದ ಬಂದು ಕೊಂಡರು. ಆಡ್ಸ್ ಇದನ್ನು ಕ್ಲಿಕ್ ಆದ ದಿನಕ್ಕೆ, ಅಂದರೆ ಮಾರ್ಚ್‌ಗೆ ಹಾಕುತ್ತದೆ. ಅನಲಿಟಿಕ್ಸ್‌ನ ಟ್ರಾಫಿಕ್ ವರದಿ ಏಪ್ರಿಲ್‌ಗೆ ಹಾಕುತ್ತದೆ, ಅದೂ ಜಾಹೀರಾತಿನ ಹೆಸರಲ್ಲಲ್ಲ, ಹುಡುಕಾಟದ ಹೆಸರಲ್ಲಿ. ಹಾಗಾಗಿ ಆಡ್ಸ್‌ನಲ್ಲಿ ಕಳೆದ ತಿಂಗಳ ಸಂಖ್ಯೆ ಈಗಲೂ ಏರುತ್ತಿರಬಹುದು. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ.

ಮೊದಲು ಆಡ್ಸ್‌ನಲ್ಲಿ `Conversions (by conv. time)` ಕಾಲಮ್ ಸೇರಿಸಿ. ಆಗ ದಿನದ ವ್ಯತ್ಯಾಸ ಹೋಗುತ್ತದೆ. ಉಳಿದದ್ದಕ್ಕೆ ಅನಲಿಟಿಕ್ಸ್‌ನ ಆರ್ಡರ್ ನಂಬರ್‌ಗಳನ್ನು (`transaction_id`) ನಿಮ್ಮ ಅಂಗಡಿಯ ಆರ್ಡರ್ ಪಟ್ಟಿಯ ಜೊತೆ ಹೋಲಿಸಿ. ಆರ್ಡರ್ ಎರಡೂ ಕಡೆ ಇದ್ದು ಮೂಲ ಮಾತ್ರ ಬೇರೆ ಇದ್ದರೆ ಅದು ದೋಷವಲ್ಲ. ಅನಲಿಟಿಕ್ಸ್‌ನಲ್ಲಿ ಆರ್ಡರೇ ಇಲ್ಲ ಅಂದರೆ, ಆ ಗ್ರಾಹಕರು ಕುಕೀಗೆ ಒಪ್ಪಿಲ್ಲ ಅಥವಾ ಪಾವತಿಯಾದ ಮೇಲಿನ ಪುಟದಲ್ಲಿ ಟ್ಯಾಗ್ ಓಡಿಲ್ಲ. ಸರಿಪಡಿಸಬೇಕಾದದ್ದು ಆ ಟ್ಯಾಗ್.