ತುರ್ತು ಘಟಕದ ಸರದಿ: ಹಂತ ಸಮವಾದಾಗ ಯಾರು ಮೊದಲು?

ಪ್ರಶ್ನೆ: ಮಂಡ್ಯದ ಆಸ್ಪತ್ರೆಯೊಂದರ ತುರ್ತು ಘಟಕಕ್ಕೆ `heapq` ಬಳಸಿ ಸರದಿ ಬರೆಯುತ್ತಿದ್ದೇನೆ. `(level, name)` ಹಾಕಿದರೆ, ಒಂದೇ ಹಂತದವರಲ್ಲಿ ತಡವಾಗಿ ಬಂದವರು ಕೆಲವೊಮ್ಮೆ ಮೊದಲು ಹೊರಬರುತ್ತಾರೆ. ಏಕೆ?

ಹಂತ ಸಮವಾದಾಗ ಪೈಥಾನ್ ಟ್ಯೂಪಲ್‌ನ ಮುಂದಿನ ಅಂಶವನ್ನು ಹೋಲಿಸುತ್ತದೆ. ನಿಮ್ಮಲ್ಲಿ ಅದು ಹೆಸರು, ಅಂದರೆ ಅಕ್ಷರಮಾಲೆಯೇ ಚಿಕಿತ್ಸೆಯ ಕ್ರಮವನ್ನು ತೀರ್ಮಾನಿಸುತ್ತಿದೆ! ನಡುವೆ ಆಗಮನದ ಕ್ರಮಸಂಖ್ಯೆ ಸೇರಿಸಿ:

```python
heapq.heappush(q, (level, serial, name))
```

ಇಲ್ಲಿ ಚಿಕ್ಕ ಸಂಖ್ಯೆ ಮೊದಲು ಹೊರಬರುವುದರಿಂದ 1 ಅತಿ ಗಂಭೀರ ಹಂತವಾಗಿರಲಿ. ಕಬ್ಬು ಕಡಿಯುವಾಗ ಕೈ ಕೊಯ್ದುಕೊಂಡ ಶಿವಣ್ಣ (4, 1), ಕಾಲು ಉಳುಕಿದ ಅನಿತಾ (4, 2), ಎದೆನೋವಿನ ಅಜ್ಜ (2, 3) ಎಂದುಕೊಳ್ಳಿ. ಕೊನೆಗೆ ಬಂದ ಅಜ್ಜನೇ ಮೊದಲು, ನಂತರ ಶಿವಣ್ಣ, ಆಮೇಲೆ ಅನಿತಾ.

ನಿಜವಾದ ತೊಡಕು ಬೇರೆಯೇ ಇದೆ. ಕಾಯುತ್ತಿರುವಾಗ ಶಿವಣ್ಣನ ರಕ್ತಸ್ರಾವ ಹೆಚ್ಚಾಗಿ, ನರ್ಸ್ ಅವರನ್ನು 2ನೇ ಹಂತಕ್ಕೆ ಏರಿಸಿದರೆ? ಹೀಪ್‌ನೊಳಗಿನ ನಮೂದನ್ನು ಅಲ್ಲೇ ತಿದ್ದಬೇಡಿ. ಅದರ ಜೋಡಣೆ ಕೆಡುತ್ತದೆ, ದೋಷಸಂದೇಶವೂ ಬರುವುದಿಲ್ಲ. ಹಳೆಯ ನಮೂದು ರದ್ದಾಗಿದೆ ಎಂದು ಬೇರೆಡೆ ಗುರುತಿಟ್ಟು, ಹಳೆಯ ಕ್ರಮಸಂಖ್ಯೆಯೊಂದಿಗೇ (2, 1) ಎಂದು ಹೊಸದಾಗಿ ಸೇರಿಸಿ. ರದ್ದಾದದ್ದು ಹೊರಬಂದಾಗ ಬಿಟ್ಟುಬಿಡಿ. ಈಗ ಶಿವಣ್ಣ ಅಜ್ಜನಿಗಿಂತ ಮುಂದೆ ಬರುತ್ತಾರೆ. ಅದು ಸರಿಯೇ ಎಂಬುದನ್ನು ವೈದ್ಯರನ್ನೇ ಕೇಳಿ.