ಡಬ್ಬಿಗೆ ಅಂಟಿದ ಮೊಟ್ಟೆ ವಾಸನೆ

"ದಿನಾ ಆಫೀಸಿಗೆ ಬೇಯಿಸಿದ ಮೊಟ್ಟೆ ತಗೊಂಡು ಹೋಗ್ತೀನಿ. ಎಷ್ಟು ತೊಳೆದರೂ ಡಬ್ಬಿಯಲ್ಲೂ ಕೈಯಲ್ಲೂ ವಾಸನೆ ಉಳಿಯುತ್ತೆ. ಯಾಕೆ, ಏನು ಮಾಡಬೇಕು?"

ತೊಳೆಯೋದಕ್ಕಿಂತ ಮೊದಲು ಬೇಯಿಸೋ ರೀತಿ ನೋಡಿ. ನಾನು ಕುಕ್ಕರ್‌ನಲ್ಲಿ ಮೂರು ಕೂಗು ಕೂಗಿಸಿ, ಅದು ತಣ್ಣಗಾಗೋವರೆಗೂ ಮೊಟ್ಟೆ ಒಳಗೇ ಬಿಡುತ್ತಿದ್ದೆ. ಕೊಯ್ದು ನೋಡಿದರೆ ಹಳದಿಯ ಸುತ್ತ ಬೂದು ಹಸಿರು ಉಂಗುರ. ಆ ಉಂಗುರ ಕಂಡರೆ ಸಾಮಾನ್ಯವಾಗಿ ಮೊಟ್ಟೆ ಜಾಸ್ತಿ ಬೆಂದಿದೆ ಅಂತ ಅರ್ಥ. ಬಿಳಿ ಭಾಗದ ಪ್ರೋಟೀನ್‌ನಲ್ಲಿ ಗಂಧಕ ಇರುತ್ತದೆ. ಹೆಚ್ಚು ಹೊತ್ತು ಕಾದರೆ ಅದು ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲವಾಗಿ ಹೊರಡುತ್ತದೆ. ಅದರಲ್ಲಿ ಸ್ವಲ್ಪ, ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಆ ಉಂಗುರ ಆಗುತ್ತದೆ, ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ ನಿಧಾನವಾಗಿ ಹೊರಗೆ ಬರುತ್ತದೆ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಅದನ್ನು ಹಿಡಿದುಬಿಡುತ್ತದೆ, ಅದಕ್ಕೇ ತೊಳೆದ ಮೇಲೂ ಇದೆ ಅನ್ನಿಸೋದು.

ಈಗ ನಾನು ನೀರು ಕುದಿಯುವಾಗ ಮೊಟ್ಟೆ ಬಿಟ್ಟು, 10-11 ನಿಮಿಷಕ್ಕೆ ತೆಗೆದು ಸೀದಾ ತಣ್ಣೀರಿಗೆ ಹಾಕುತ್ತೇನೆ. ನೀರು ಬೆಚ್ಚಗಾದರೆ ಬದಲಾಯಿಸುತ್ತೇನೆ. ಸುಲಿದು, ಒರೆಸಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕುತ್ತೇನೆ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆಯ ಜೊತೆ ವಾಸನೆಯೂ ಒಳಗೇ ಕೂರುತ್ತದೆ.

ಇನ್ನು ಡಬ್ಬಿ. ನನ್ನದು ಸ್ಟೀಲ್, ಆದರೂ ನಾರುತ್ತಿತ್ತು. ಒಂದು ರಾತ್ರಿ ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ಬೇರೆ ಇಟ್ಟೆ, ಡಬ್ಬಿ ಬೇರೆ ಇಟ್ಟೆ. ಬೆಳಿಗ್ಗೆ ಮೂಸಿದರೆ ಡಬ್ಬಿಗೆ ಏನೂ ಇಲ್ಲ, ರಿಂಗ್ ಮಾತ್ರ ಗಬ್ಬು! ಚಮಚದ ಹಿಡಿಯಿಂದ ಅದು ಕೂರೋ ಕಾಲುವೆ ಕೆರೆದಾಗ ಹಳದಿ ಹಿಟ್ಟಿನಂಥ ಜಿಡ್ಡು ಬಂತು. ರಬ್ಬರ್, ಪ್ಲಾಸ್ಟಿಕ್ ಎರಡೂ ವಾಸನೆಯನ್ನೂ ಎಣ್ಣೆಯಂಶವನ್ನೂ ಹೀರುತ್ತವೆ. ನೀವೂ ಹೀಗೆ ಬೇರೆ ಬೇರೆ ಇಟ್ಟು ನೋಡಿ, ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ.

ಮೊದಲು ಸೋಪಿನಿಂದ ಜಿಡ್ಡು ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಈ ಅನಿಲಕ್ಕೆ ಸ್ವಲ್ಪ ಆಮ್ಲದ ಗುಣ ಇದೆ, ಸೋಡಾ ನೀರಿನಲ್ಲಿ ಅದು ಹಾರಿ ಮೂಗಿಗೆ ಬರುವ ರೂಪ ಬಿಟ್ಟು ಕರಗಿ ಕೂರುತ್ತದೆ. ನಿಂಬೆಹಣ್ಣು ಉಜ್ಜಿ ಅಂತ ಎಲ್ಲರೂ ಹೇಳುತ್ತಾರಲ್ವಾ? ಅದು ಮೀನಿನ ವಾಸನೆಗೆ ಸರಿ, ಮೀನಿನದು ಕ್ಷಾರದ ಜಾತಿ. ಇಲ್ಲಿ ನಿಂಬೆ ಸುಮ್ನೆ ತನ್ನ ಘಮದಿಂದ ಮುಚ್ಚುತ್ತದೆ ಅಷ್ಟೇ.

ಕೈಗೂ ಇದೇ. ಮೊಟ್ಟೆಯ ಹಳದಿ ಭಾಗ ಉಗುರಿನ ಸಂದಿಯಲ್ಲಿ ಕೂತಿರುತ್ತದೆ, ಬರೀ ನೀರಿಗೆ ಹೋಗಲ್ಲ. ಸೋಪು ಹಾಕಿ ಉಗುರಿನ ಕೆಳಗೆ ಹಳೆಯ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ, ಆಮೇಲೆ ಚಿಟಿಕೆ ಸೋಡಾ ಹಚ್ಚಿ ತೊಳೆಯಿರಿ.

ಪ್ಲಾಸ್ಟಿಕ್ ಡಬ್ಬಿಯ ಒಳಗೆ ತುಂಬಾ ಗೀರು ಬಿದ್ದಿದ್ದರೆ ಎರಡು ರಾತ್ರಿ ನೆನೆಸಿದರೂ ಪೂರ್ತಿ ಹೋಗಲ್ಲ. ಅದನ್ನು ಈರುಳ್ಳಿ ಬೆಳ್ಳುಳ್ಳಿ ಇಡೋಕೆ ಬಿಟ್ಟು, ಮೊಟ್ಟೆಗೆ ರಬ್ಬರ್ ರಿಂಗ್ ಇಲ್ಲದ ಸಣ್ಣ ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ.