ಮೊದಲ ಸಲ ಬಂದವರಿಗೆ ‘ಆಮ್’ ಏಕೆ ಒಗ್ಗುವುದಿಲ್ಲ

ಸಂದರ್ಶನದಲ್ಲಿ ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಆಮ್ ಕಮಿಂಗ್ ಟು ಬೆಂಗಳೂರು’ ಎಂದೆ. ಎದುರಿಗಿದ್ದವರು ‘ಹ್ಯಾವ್ ಕಮ್’ ಎಂದು ತಿದ್ದಿದರು. ಬಂದು ಅವರೆದುರೇ ಕುಳಿತಿರುವಾಗ ‘ಆಮ್’ ಏಕೆ ತಪ್ಪು? — ಪದವಿ ವಿದ್ಯಾರ್ಥಿನಿ, ಸಾಗರ

ಈ ಪ್ರಶ್ನೆ ಈ ಮಳೆಗಾಲದಲ್ಲಿ ನನಗೆ ಬಂದಿರುವುದು ಐದನೆಯ ಸಲ. ಗಮನಿಸಿದಿರಾ? ನಾನು ‘ಬರುತ್ತಿರುವುದು’ ಎನ್ನಲಿಲ್ಲ, ‘ಬಂದಿರುವುದು’ ಎಂದೆ. ನಿಮಗೆ ಬೇಕಾದ ಉತ್ತರದ ಮುಕ್ಕಾಲು ಪಾಲು ಅಷ್ಟರಲ್ಲೇ ಇದೆ.

ಕನ್ನಡ ಧಾರಾಳಿ. ‘ನಾನು ಬೆಂಗಳೂರಿಗೆ ಬರುತ್ತಿರುವುದು ಇದೇ ಮೊದಲು’ ಎಂದರೂ ಸರಿ, ‘ಬಂದಿರುವುದು ಇದೇ ಮೊದಲು’ ಎಂದರೂ ಸರಿ. ನಮ್ಮ ನಾಲಗೆ ಸಾಮಾನ್ಯವಾಗಿ ಮೊದಲನೆಯದರ ಕಡೆಗೇ ವಾಲುತ್ತದೆ, ‘ಬರುತ್ತಿರುವುದು’ ನೇರವಾಗಿ ‘ಆಮ್ ಕಮಿಂಗ್’ ಆಗಿ ಹೊರಬೀಳುತ್ತದೆ. ಇಂಗ್ಲಿಷ್ ಇಲ್ಲಿ ಕೇಳುವುದು ಕೆಲಸ ಈಗ ನಡೆಯುತ್ತಿದೆಯೇ ಎಂದಲ್ಲ, ಇದುವರೆಗೆ ಎಷ್ಟು ಸಲ ಆಯಿತು ಎಂದು. ಹುಟ್ಟಿದಂದಿನಿಂದ ಈ ಗಳಿಗೆಯವರೆಗೆ ಎಣಿಸಿದರೆ ಲೆಕ್ಕ ಒಂದಕ್ಕೆ ನಿಂತಿದೆ, ಆ ಒಂದರಲ್ಲಿ ಈ ಸಲದ್ದೂ ಸೇರಿದೆ. ಹಿಂದಿನಿಂದ ಇಂದಿನವರೆಗೆ ಚಾಚಿದ ಲೆಕ್ಕಕ್ಕೆ ಇಂಗ್ಲಿಷಿನಲ್ಲಿರುವ ಕಾಲರೂಪ ಪ್ರೆಸೆಂಟ್ ಪರ್ಫೆಕ್ಟ್.

ಮೊದಲ ಸಲದಲ್ಲಿ ಇದು ಮಸುಕಾಗಿ ಕಾಣುತ್ತದೆ, ಎರಡನೆಯ ಸಲಕ್ಕೆ ಬಂದರೆ ಸ್ಪಷ್ಟವಾಗುತ್ತದೆ. ಒಮ್ಮೆ ಆಗುಂಬೆ ಘಾಟಿಯ ತಿರುವಿನಲ್ಲಿ ನಾನಿದ್ದ ಬಸ್ಸು ಒಂದೇ ವಾರದಲ್ಲಿ ಎರಡು ಸಲ ಕೆಟ್ಟು ನಿಂತಿತು. ಹೊರಗೆ ಜಡಿಮಳೆ, ಒಳಗೆ ಸೋರುವ ಕಿಟಕಿ. ಪಕ್ಕದಲ್ಲಿ ಕುಳಿತಿದ್ದ ತರುಣ ಅಲ್ಲೇ ಮೊಬೈಲಿನಲ್ಲಿ ದೂರು ಬರೆಯತೊಡಗಿದ: ‘ದಿಸ್ ಈಸ್ ದ ಸೆಕೆಂಡ್ ಟೈಮ್ ದಿಸ್ ವೀಕ್ ದ ಬಸ್ ಈಸ್ ಬ್ರೇಕಿಂಗ್ ಡೌನ್.’ ಸೋಮವಾರ ಕೆಟ್ಟದ್ದು ಆಗಿ ಹೋದ ಕಥೆ. ಅದನ್ನು ‘ಈಸ್ ಬ್ರೇಕಿಂಗ್’ ಹೇಗೆ ಹೊರುತ್ತದೆ? ಸೋಮವಾರದ್ದನ್ನೂ ಈ ಹೊತ್ತಿನದನ್ನೂ ಒಂದೇ ಚೀಲಕ್ಕೆ ಹಾಕುವುದು ‘ಹ್ಯಾಸ್ ಬ್ರೋಕನ್ ಡೌನ್’ ಮಾತ್ರ. ಹಾಗೆಂದು ತಿದ್ದಿಸಿದೆ. ಹುಡುಗ ಮುಖ ಸಿಂಡರಿಸಿಕೊಂಡ, ಆದರೆ ತಿದ್ದಿದ.

ಹದಿನೈದು ದಿನ ಕಳೆದು ಅದನ್ನೇ ಯಾರಿಗೋ ಹೇಳುವಾಗ ‘ಈಸ್’ ಹೋಗಿ ‘ವಾಸ್’ ಬರುತ್ತದೆ. ಆಗ ಹಿಂದಿನ ‘ಹ್ಯಾಸ್’ ಕೂಡ ಒಂದು ಮೆಟ್ಟಿಲು ಕೆಳಗಿಳಿದು ‘ಹ್ಯಾಡ್’ ಆಗಬೇಕು: ‘ಇಟ್ ವಾಸ್ ದ ಸೆಕೆಂಡ್ ಟೈಮ್ ದಟ್ ವೀಕ್ ದ ಬಸ್ ಹ್ಯಾಡ್ ಬ್ರೋಕನ್ ಡೌನ್.’ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ‘ವಾಸ್’ ಬರೆದು ಪಕ್ಕದಲ್ಲಿ ‘ಹ್ಯಾಸ್’ ಉಳಿಸಿಕೊಳ್ಳುತ್ತಾರೆ. ಕನ್ನಡದ ‘ಇದೇ ಮೊದಲು’, ‘ಅದೇ ಮೊದಲು’ ನೆನಪಿಟ್ಟುಕೊಳ್ಳಿ. ‘ಇದೇ’ ಎಂದರೆ ‘ಈಸ್’, ಜೊತೆಗೆ ‘ಹ್ಯಾವ್’ ಅಥವಾ ‘ಹ್ಯಾಸ್’. ‘ಅದೇ’ ಎಂದರೆ ‘ವಾಸ್’, ಜೊತೆಗೆ ‘ಹ್ಯಾಡ್’.

ಅನುಮಾನ ಬಂದರೆ ವಾಕ್ಯವನ್ನು ‘ಹಿಂದೆಂದೂ ಬಂದಿಲ್ಲ’ ಎಂದು ತಿರುಗಿಸಿ ನೋಡಿ. ‘ಐ ಹ್ಯಾವ್ ನೆವರ್ ಕಮ್ ಹಿಯರ್ ಬಿಫೋರ್’ ಎನ್ನುತ್ತೀರಿ. ‘ಐ ಆಮ್ ನೆವರ್ ಕಮಿಂಗ್ ಹಿಯರ್ ಬಿಫೋರ್’ ಎಂದು ಯಾರೂ ಅನ್ನುವುದಿಲ್ಲ. ಇಲ್ಲಿ ‘ಹ್ಯಾವ್’ ಬಂದರೆ ಅಲ್ಲಿಯೂ ‘ಹ್ಯಾವ್’.

ಅಮೆರಿಕದವರ ಮಾತಿನಲ್ಲಿ ‘ಫಸ್ಟ್ ಟೈಮ್ ಐ ಆಮ್ ಹಿಯರಿಂಗ್ ದಿಸ್’ ಕಿವಿಗೆ ಬೀಳುವುದುಂಟು. ಗೆಳೆಯರ ನಡುವೆ ನಡೆಯುತ್ತದೆ, ನಡೆಯಲಿ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಸಂದರ್ಶನದಲ್ಲಿ ಅದನ್ನು ನೆಚ್ಚಬೇಡಿ. ತಿದ್ದುವವರು ಅಮೆರಿಕದ ಧಾರಾವಾಹಿ ನೋಡಿ ಅಂಕ ಕೊಡುವುದಿಲ್ಲ.

‘ಫಸ್ಟ್ ಟೈಮ್’ ಕಂಡಲ್ಲೆಲ್ಲ ‘ಹ್ಯಾವ್’ ಹಾಕಿ ಎಂದು ನಮ್ಮ ಮೂವತ್ತು ದಿನದ ಇಂಗ್ಲಿಷ್ ತರಗತಿಯ ಮೇಷ್ಟರು ಸೂತ್ರ ಕೊಟ್ಟಿದ್ದಾರೆ. ಸರಿಯೇ? — ತೀರ್ಥಹಳ್ಳಿ

ಮೂವತ್ತು ದಿನದ ಸೂತ್ರ ಮೂವತ್ತೊಂದನೆಯ ದಿನ ಕೈಕೊಡುತ್ತದೆ. ‘ದ ಫಸ್ಟ್ ಟೈಮ್ ಐ ಸಾ ಜೋಗ್, ದೇರ್ ವಾಸ್ ನೋ ವಾಟರ್’ ಎಂಬ ವಾಕ್ಯದಲ್ಲಿ ‘ದಿಸ್ ಈಸ್’ ಇಲ್ಲ, ಎಣಿಕೆಯೂ ಇಲ್ಲ. ಬರೀ ‘ನಾನು ಮೊದಲ ಸಲ ಜೋಗ ನೋಡಿದಾಗ’ ಎಂಬ ನೆನಪು. ಅಲ್ಲಿ ‘ಹ್ಯಾವ್’ ತುರುಕಿದರೆ ವಾಕ್ಯ ಕೆಡುತ್ತದೆ. ಕೊಟ್ಟ ಹಣ ವಾಪಸ್ ಬರುವುದಿಲ್ಲ ಬಿಡಿ.

‘ಐ ಆಮ್ ಸೀಯಿಂಗ್ ಇಟ್ ಫಾರ್ ದ ಫಸ್ಟ್ ಟೈಮ್’ ಕೂಡ ತಪ್ಪೇ? — ಹೊಸನಗರ

ತಪ್ಪಲ್ಲ, ‘ಫಾರ್’ ಬಂದ ಮೇಲೆ ಆಟವೇ ಬೇರೆ.

‘ಐ ಹ್ಯಾವ್ ಸೀನ್ ಇಟ್ ಫಾರ್ ದ ಫಸ್ಟ್ ಟೈಮ್ ಯೆಸ್ಟರ್ಡೇ’ ಎನ್ನಬಹುದೇ? — ಭದ್ರಾವತಿ

‘ಯೆಸ್ಟರ್ಡೇ’ ಎಂದ ಮೇಲೆ ‘ಐ ಸಾ’.